ಪಠ್ಯದ ಕವಿತೆಯನ್ನು ವಿವರಿಸುವ ಕ್ರಮ: ಪ್ರತಿಮೆ, ಧಾಟಿ, ಆಶಯ ಮತ್ತು ಉತ್ತರದ ಬರವಣಿಗೆ

‘ಈ ಕವಿತೆಯನ್ನು ವಿವರಿಸಿ’ ಎಂಬ ಪ್ರಶ್ನೆಗೆ ಬರೆದ ಉತ್ತರಗಳನ್ನು ತಿದ್ದುವಾಗ ಒಂದೇ ತಪ್ಪು ಮತ್ತೆ ಮತ್ತೆ ಎದುರಾಗುತ್ತದೆ. ವಿದ್ಯಾರ್ಥಿಗಳು ಕವಿತೆಯನ್ನು ಒಮ್ಮೆ ಓದಿ, ಅದರ ಸಂದೇಶ ಇಂಥದ್ದು ಎಂದು ಆಗಲೇ ತೀರ್ಮಾನಿಸಿಬಿಡುತ್ತಾರೆ. ಆಮೇಲೆ ಸಾಲುಗಳನ್ನು ಒಂದೊಂದಾಗಿ ಗದ್ಯಕ್ಕೆ ಇಳಿಸಿ, ಕೊನೆಯಲ್ಲಿ ‘ಕವಿಯು ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಎಂಬ ವಾಕ್ಯವನ್ನು ಸೇರಿಸುತ್ತಾರೆ. ಇಂಥ ಉತ್ತರದಲ್ಲಿ ಸಾರಾಂಶವಿರುತ್ತದೆ, ಮೆಚ್ಚುಗೆಯೂ ಇರುತ್ತದೆ, ಆದರೆ ವಿವರಣೆ ಇರುವುದಿಲ್ಲ. ಓದುವ ಶಕ್ತಿ ಕಡಿಮೆಯಾದ್ದರಿಂದ ಹೀಗಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಮೊದಲು ಕೇಳಿಕೊಂಡದ್ದೇ ಇದಕ್ಕೆ ಕಾರಣ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಅನುಕ್ರಮವೇ ಮುಖ್ಯ; ಆಶಯದ ಮಾತು 5ನೆಯ ಹಂತಕ್ಕಿಂತ ಮೊದಲು ಬರುವುದಿಲ್ಲ.

## ಆರಂಭಿಸುವ ಮುನ್ನ

ಕವಿತೆಯ ಒಂದು ಪ್ರತಿಯನ್ನು ಸಾಲುಗಳ ನಡುವೆ ಜಾಗ ಬಿಟ್ಟು ನೀವೇ ಕೈಯಲ್ಲಿ ಬರೆದುಕೊಳ್ಳಿ. ನಕಲು ಮಾಡುವಾಗ ಅಲ್ಪವಿರಾಮ, ಪೂರ್ಣವಿರಾಮ, ಸಾಲು ಮುರಿದ ಜಾಗ ಎಲ್ಲವೂ ಮೂಲದಂತೆಯೇ ಇರಲಿ, ಏಕೆಂದರೆ ಮುಂದೆ ಅವುಗಳೂ ಸಾಕ್ಷ್ಯವಾಗುತ್ತವೆ. ಒಂದು ಪೆನ್ಸಿಲ್ ಮತ್ತು ಒಂದು ನಿಘಂಟು ಸಾಕು. ಪಠ್ಯದ ಹಿಂಬದಿಯಲ್ಲಿರುವ ಟಿಪ್ಪಣಿಯಲ್ಲಿ ಕಠಿಣ ಪದಗಳ ಅರ್ಥವನ್ನು ಮಾತ್ರ ಈಗ ನೋಡಿ. ಕವಿತೆಯ ‘ಭಾವಾರ್ಥ’ವನ್ನು ಅಲ್ಲಿ ಕೊಟ್ಟಿದ್ದರೆ 5ನೆಯ ಹಂತದವರೆಗೆ ಅದನ್ನು ಓದಬೇಡಿ. ಒಮ್ಮೆ ಓದಿದ ಭಾವಾರ್ಥ ನಿಮ್ಮ ಕಣ್ಣಿಗೆ ಅಡ್ಡ ನಿಲ್ಲುತ್ತದೆ.

ಹಂತಗಳನ್ನು ತೋರಿಸಲು ಈ ಮಾರ್ಗದರ್ಶಿಗಾಗಿಯೇ ಬರೆದ ಹತ್ತು ಸಾಲುಗಳ ಕವಿತೆಯೊಂದನ್ನು ಬಳಸುತ್ತೇನೆ. ಇದರ ಹೆಸರು ‘ಕೀಲಿಕೈ’.

ಮನೆ ಮಾರಿಯಾಯಿತು. ಕೀಲಿಕೈ ಮಾತ್ರ
ಜೇಬಿನಲ್ಲೇ ಉಳಿದಿದೆ, ಬೆರಳಿಗೆ ತಣ್ಣಗೆ.
ಬಾಗಿಲು ಈಗ ಬೇರೆಯವರ ಮಾತು ಕೇಳುತ್ತದೆ;
ನನ್ನ ಕಂಡರೆ ಸುಮ್ಮನಿರುತ್ತದೆ.

ಅಪ್ಪ ನೆಟ್ಟ ಮರ ಗೋಡೆಯಾಚೆಗೆ
ಕೈ ಚಾಚಿ ನಿಂತಿದೆ.
ಯಾರು ಎಂದು ಕೇಳದೆ
ಬೀದಿಯವರಿಗೆಲ್ಲ ನೆರಳು ಹಾಸಿದೆ.
ನಾನೂ ನಿಂತೆ, ಒಂದು ಗಳಿಗೆ,
ಬೀದಿಯವನಾಗಿ.

## ಹಂತ 1: ವಾಚ್ಯಾರ್ಥವನ್ನು ಖಚಿತಪಡಿಸಿಕೊಳ್ಳಿ

ಮೊದಲು ಕವಿತೆಯನ್ನು ಎರಡು ಬಾರಿ ಗಟ್ಟಿಯಾಗಿ ಓದಿ. ನಂತರ ಅದರಲ್ಲಿ ನಡೆದದ್ದೇನು ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ, ಯಾವ ವ್ಯಾಖ್ಯಾನವನ್ನೂ ಬೆರೆಸದೆ ಬರೆದುಕೊಳ್ಳಿ. ನಮ್ಮ ಕವಿತೆಗೆ ಅದು ಹೀಗಿರಬಹುದು: ‘ಒಂದು ಮನೆ ಮಾರಾಟವಾಗಿದೆ; ಅದರ ಕೀಲಿಕೈ ಒಬ್ಬನ ಜೇಬಿನಲ್ಲಿದೆ. ಅವನು ಮನೆಯ ಹೊರಗೆ, ಅಪ್ಪ ನೆಟ್ಟ ಮರ ಬೀದಿಗೆ ಚೆಲ್ಲಿದ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ.’

ಈ ಎರಡು ವಾಕ್ಯ ನಿಮ್ಮ ಉತ್ತರದಲ್ಲಿ ಹೆಚ್ಚೆಂದರೆ ಒಂದು ಸಾಲಾಗಿ ಉಳಿದೀತು. ಆದರೂ ಅದನ್ನು ಬರೆದುಕೊಳ್ಳಲೇಬೇಕು, ಏಕೆಂದರೆ ಕವಿತೆ ಹೇಳಿದ್ದು ಯಾವುದು, ನೀವು ಸೇರಿಸಿದ್ದು ಯಾವುದು ಎಂಬ ಗೆರೆ ಇಲ್ಲಿಯೇ ಸ್ಪಷ್ಟವಾಗುತ್ತದೆ. ಈ ಕವಿತೆಯನ್ನು ಓದಿದ ಕೂಡಲೇ ‘ಅಪ್ಪ ತೀರಿಕೊಂಡಿದ್ದಾರೆ’ ಎಂದೋ ‘ಸಾಲಕ್ಕಾಗಿ ಮನೆ ಮಾರಿದ್ದಾರೆ’ ಎಂದೋ ಬರೆಯುವವರು ಇದ್ದೇ ಇರುತ್ತಾರೆ. ಎರಡಕ್ಕೂ ಕವಿತೆಯಲ್ಲಿ ಆಧಾರವಿಲ್ಲ. ಅಪ್ಪ ಮರ ನೆಟ್ಟರು ಎಂಬುದಷ್ಟೇ ನಮಗೆ ತಿಳಿದಿರುವ ಸಂಗತಿ.

ಪಠ್ಯದಲ್ಲಿರುವುದು ಹಳಗನ್ನಡ ಅಥವಾ ನಡುಗನ್ನಡದ ಪದ್ಯವಾದರೆ ಈ ಹಂತಕ್ಕೆ ಇನ್ನೊಂದು ಕೆಲಸ ಸೇರುತ್ತದೆ. ಮೊದಲು ಸಂಧಿ ಬಿಡಿಸಿ ಪದವಿಭಾಗ ಮಾಡಬೇಕು, ಆಮೇಲೆ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗದ್ಯದ ಕ್ರಮಕ್ಕೆ ತಂದು ಅನ್ವಯಿಸಿಕೊಳ್ಳಬೇಕು. ಷಟ್ಪದಿಯಲ್ಲಿ ಸಾಲಿನ ಕೊನೆಯಲ್ಲಿ ಪದವೇ ಒಡೆದು ಮುಂದಿನ ಸಾಲಿಗೆ ಹರಿಯುವುದುಂಟು. ಅಲ್ಲಿ ಸಾಲಿಗೊಂದು ಅರ್ಥ ಹೇಳಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

## ಹಂತ 2: ಮಾತನಾಡುತ್ತಿರುವವರು ಯಾರು, ನಿಂತಿರುವುದು ಎಲ್ಲಿ

ಕವಿತೆಯ ‘ನಾನು’ ಕವಿಯೇ ಎಂದು ಭಾವಿಸಬೇಡಿ. ಉತ್ತರದಲ್ಲಿ ‘ನಿರೂಪಕ’ ಎಂಬ ಪದವನ್ನು ಬಳಸುವುದು ಸುರಕ್ಷಿತ. ನಿರೂಪಕನ ಬಗ್ಗೆ ಗೊತ್ತಾಗುವುದನ್ನೆಲ್ಲ ವ್ಯಾಕರಣದಿಂದಲೇ ಹೆಕ್ಕಿ. ‘ಬೀದಿಯವನಾಗಿ’ ಎಂಬ ರೂಪ ಅವನು ಗಂಡಸು ಎಂದು ತಿಳಿಸುತ್ತದೆ. ‘ಅಪ್ಪ’ ಎಂಬ ಪದದಿಂದ ಅವನು ಆ ಮನೆಯ ಮಗ ಎಂದು ತಿಳಿಯುತ್ತದೆ.

ಕ್ರಿಯಾಪದಗಳನ್ನು ಇನ್ನೂ ಸೂಕ್ಷ್ಮವಾಗಿ ನೋಡಬೇಕು. ‘ಮನೆ ಮಾರಿದೆ’ ಎಂದಾಗಲಿ ‘ಮಾರಿದೆವು’ ಎಂದಾಗಲಿ ನಿರೂಪಕ ಹೇಳುವುದಿಲ್ಲ, ‘ಮಾರಿಯಾಯಿತು’ ಎನ್ನುತ್ತಾನೆ. ಈ ರೂಪದಲ್ಲಿ ಮಾರಿದವರು ಯಾರು ಎಂಬುದಕ್ಕೆ ಜಾಗವೇ ಇಲ್ಲ, ಕೆಲಸ ಮುಗಿದುಹೋಯಿತು ಎಂಬುದಕ್ಕೆ ಮಾತ್ರ ಜಾಗವಿದೆ. ಇಡೀ ಕವಿತೆಯಲ್ಲಿ ನಿರೂಪಕ ತಾನಾಗಿ ಮಾಡಿದೆನೆಂದು ಹೇಳಿಕೊಳ್ಳುವ ಕೆಲಸ ಒಂದೇ, ಅದು ‘ನಿಂತೆ’. ಇಂಥ ಸಂಗತಿಗಳನ್ನು ಪ್ರತಿಯ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಪ್ರತಿಮೆಗಳನ್ನು ಹುಡುಕುವ ಆತುರದಲ್ಲಿ ಕ್ರಿಯಾಪದಗಳನ್ನು ಬಿಟ್ಟುಬಿಡುವುದು ಬಹಳ ದೊಡ್ಡ ನಷ್ಟ.

## ಹಂತ 3: ಪ್ರತಿಮೆಗಳನ್ನು ಪಟ್ಟಿ ಮಾಡಿ, ಪರಸ್ಪರ ಎದುರಿಗಿಡಿ

ಕಣ್ಣು, ಕಿವಿ, ಚರ್ಮ, ಮೂಗು, ನಾಲಿಗೆಗೆ ತಾಗುವ ಯಾವ ವಿವರವೂ ಪ್ರತಿಮೆಯಾಗಬಹುದು. ಅದರಲ್ಲಿ ಉಪಮೆಯೋ ರೂಪಕವೋ ಇರಲೇಬೇಕೆಂದಿಲ್ಲ. ‘ಇಲ್ಲಿ ಉಪಮಾಲಂಕಾರವಿದೆ’ ಎಂದು ಹೆಸರು ಹಚ್ಚಿ ಮುಂದೆ ಹೋಗುವುದು ಈ ಹಂತದ ಅತಿ ಸಾಮಾನ್ಯ ತಪ್ಪು. ಅಲಂಕಾರದ ಹೆಸರು ಸರಿಯಾಗಿದ್ದರೂ ಆ ಅಲಂಕಾರ ಅಲ್ಲಿ ಮಾಡುತ್ತಿರುವ ಕೆಲಸವನ್ನು ಹೇಳದಿದ್ದರೆ ಓದುಗರಿಗೆ ಏನೂ ಸಿಗುವುದಿಲ್ಲ.

ನಮ್ಮ ಕವಿತೆಯಲ್ಲಿ ಮೂರು ಮುಖ್ಯ ಪ್ರತಿಮೆಗಳಿವೆ: ಕೀಲಿಕೈ, ಬಾಗಿಲು, ಮರ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿ. ಈ ವಸ್ತು ಲೋಕದಲ್ಲಿ ಸಾಮಾನ್ಯವಾಗಿ ಏನು ಮಾಡುತ್ತದೆ? ಕವಿತೆಯಲ್ಲಿ ಅದು ಅದೇ ಕೆಲಸ ಮಾಡುತ್ತಿದೆಯೇ, ಅಥವಾ ಎಲ್ಲೋ ತಪ್ಪಿದೆಯೇ? ಹಾಗೆ ತಪ್ಪಿದ ಜಾಗದಲ್ಲಿಯೇ ಅರ್ಥ ಅಡಗಿರುತ್ತದೆ.

ಕೀಲಿಕೈಯಿಂದ ಆರಂಭಿಸೋಣ. ಜೇಬಿನಲ್ಲಿ ಹೊತ್ತು ಕಳೆದ ಲೋಹ ಮೈಯ ಶಾಖಕ್ಕೆ ಬೆಚ್ಚಗಾಗುತ್ತದೆ. ಇಲ್ಲಿ ಅದು ‘ಜೇಬಿನಲ್ಲೇ’ ಇದ್ದರೂ ‘ತಣ್ಣಗೆ’ ಇದೆ. ಮೈಗೆ ಅಷ್ಟು ಹತ್ತಿರವಿದ್ದೂ ಅದು ತನ್ನದಾಗಿ ಉಳಿದಿಲ್ಲ ಎಂಬ ಸೂಚನೆ ಈ ಒಂದು ಪದದಲ್ಲಿದೆ. ‘ತಣ್ಣಗೆ’ ಎಂಬುದನ್ನು ತೆಗೆದು ‘ಭಾರವಾಗಿ’ ಎಂದು ಇಟ್ಟು ನೋಡಿ: ಆಗ ಸಾಲು ದುಃಖದ ಹೊರೆಯ ಬಗ್ಗೆ ಮಾತನಾಡುತ್ತದೆ, ಪರಕೀಯತೆಯ ಬಗ್ಗೆ ಅಲ್ಲ. ಹೀಗೆ ಒಂದು ಪದ ಬದಲಿಸಿ, ಏನು ಕಳೆದುಹೋಯಿತು ಎಂದು ನೋಡುವುದು ಈ ಹಂತದಲ್ಲಿ ನಿಮಗಿರುವ ಅತ್ಯುತ್ತಮ ಉಪಾಯ.

ಬಾಗಿಲಿನ ಸಾಲಿನಲ್ಲಿ ‘ಮಾತು ಕೇಳುತ್ತದೆ’ ಎಂಬ ಪ್ರಯೋಗಕ್ಕೆ ಎರಡು ಅರ್ಥಗಳಿವೆ. ಕಿವಿಯಿಂದ ಕೇಳುವುದು ಒಂದು, ಹೇಳಿದಂತೆ ನಡೆಯುವುದು ಇನ್ನೊಂದು. ಎರಡೂ ಇಲ್ಲಿ ಹೊಂದುತ್ತವೆ: ಮನೆಯೊಳಗೆ ಈಗ ಬೇರೆಯವರ ದನಿಗಳಿವೆ, ಬಾಗಿಲು ತೆರೆಯುವುದೂ ಮುಚ್ಚುವುದೂ ಅವರ ಇಚ್ಛೆಯಂತೆ. ಮುಂದಿನ ಸಾಲಿನಲ್ಲಿ ಬಾಗಿಲು ನಿರೂಪಕನನ್ನು ತಡೆಯುವುದಿಲ್ಲ, ಅವನೆದುರು ಬಡಿದುಕೊಳ್ಳುವುದೂ ಇಲ್ಲ, ಸುಮ್ಮನಿರುತ್ತದೆ. ಗುರುತು ಹಿಡಿಯದವರ ಮೌನ ಅದು.

ಇನ್ನು ಮರ. ‘ಕೈ ಚಾಚಿ’ ಎಂಬ ಮಾತಿಗೂ ಎರಡು ಅರ್ಥಗಳಿವೆ: ಕೈ ನೀಡುವುದು ಮತ್ತು ಬೇಡುವುದು. ಇಲ್ಲಿ ಎರಡನ್ನೂ ಒಪ್ಪಿಕೊಳ್ಳಬೇಕೇ? ಮುಂದಿನ ಸಾಲುಗಳನ್ನು ನೋಡಿದರೆ ಮರ ಏನನ್ನೂ ಕೇಳುತ್ತಿಲ್ಲ, ನೆರಳನ್ನು ‘ಹಾಸಿದೆ’, ಅಂದರೆ ಬಂದವರಿಗೆ ಚಾಪೆ ಹಾಸಿದಂತೆ ಹರಡಿದೆ. ಆದ್ದರಿಂದ ಬೇಡುವ ಅರ್ಥವನ್ನು ಕೈಬಿಡಬೇಕು. ಪದವೊಂದಕ್ಕೆ ನಿಘಂಟಿನಲ್ಲಿ ಎರಡು ಅರ್ಥವಿದೆ ಎಂಬುದಷ್ಟೇ ಸಾಲದು. ಅಕ್ಕಪಕ್ಕದ ಸಾಲುಗಳು ಅದನ್ನು ಬೆಂಬಲಿಸಬೇಕು. ಬಾಗಿಲಿನ ವಿಷಯದಲ್ಲಿ ಆ ಬೆಂಬಲ ಸಿಕ್ಕಿತು, ಇಲ್ಲಿ ಸಿಗಲಿಲ್ಲ.

ಈಗ ಪ್ರತಿಮೆಗಳನ್ನು ಎದುರುಬದುರು ಇಡಿ. ಬಿಡಿಬಿಡಿಯಾಗಿ ವಿವರಿಸಿ ನಿಲ್ಲಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ‘ಯಾರು?’ ಎಂಬ ಪ್ರಶ್ನೆ ಸಾಮಾನ್ಯವಾಗಿ ಕೇಳಿಬರುವುದು ಬಾಗಿಲಿನ ಹಿಂದಿನಿಂದ. ಕವಿತೆಯಲ್ಲಿ ಆ ಪ್ರಶ್ನೆಯ ಪ್ರಸ್ತಾಪ ಬರುವುದು ಮರದ ಬಳಿ, ಅದೂ ‘ಕೇಳದೆ’ ಎಂಬ ನಿರಾಕರಣೆಯ ರೂಪದಲ್ಲಿ. ಬಾಗಿಲು ಒಡೆಯನನ್ನು ಮಾತ್ರ ಬಲ್ಲದು. ಮರಕ್ಕೆ ಒಡೆಯ ಯಾರೆಂಬುದು ಬೇಕಿಲ್ಲ. ಗೋಡೆಯೊಳಗೆ ಬೇರೂರಿದ್ದರೂ ಅದರ ಕೊಂಬೆ ಗೋಡೆಯನ್ನು ದಾಟಿದೆ. ಇಡೀ ಕವಿತೆ ನಿಂತಿರುವುದು ಈ ಎದುರಿನ ಮೇಲೆ ಎಂದು ನನ್ನ ಅಭಿಪ್ರಾಯ. ಇದು ಕಂಡ ಮೇಲೆ ಮುಂದಿನ ಹಂತಗಳು ಹಗುರವಾಗುತ್ತವೆ.

ಒಂದು ಎಚ್ಚರಿಕೆ. ಪಠ್ಯದಲ್ಲಿರುವುದು ಆದಿಪ್ರಾಸವುಳ್ಳ ಪದ್ಯವಾದರೆ ಸಾಲಿನ ಮೊದಲ ಪದವನ್ನು ಪ್ರಾಸಾಕ್ಷರವೇ ಒತ್ತಾಯಿಸಿರಬಹುದು. ಅಂಥ ಪದದ ಮೇಲೆ ದೊಡ್ಡ ವ್ಯಾಖ್ಯಾನವನ್ನು ಕಟ್ಟುವ ಮುನ್ನ, ಪದ್ಯದ ಬೇರೆ ಕಡೆಯಲ್ಲೂ ಅದೇ ಭಾವ ಕಾಣುತ್ತದೆಯೇ ಎಂದು ನೋಡಿಕೊಳ್ಳಿ.

## ಹಂತ 4: ಧಾಟಿಯನ್ನು ಗುರುತಿಸಿ

ಇಲ್ಲಿ ಪದವೊಂದರ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. ಮಾತಿನ ಹಿಂದಿರುವ ಮನೋಭಾವವನ್ನು ಕೆಲವರು ಧಾಟಿ ಎನ್ನುತ್ತಾರೆ, ಕೆಲವರು ಧ್ವನಿ ಎನ್ನುತ್ತಾರೆ. ಆದರೆ ಆನಂದವರ್ಧನನ ‘ಧ್ವನ್ಯಾಲೋಕ’ದಿಂದ ಬಂದ ‘ಧ್ವನಿ’ ಎಂಬ ಪಾರಿಭಾಷಿಕ ಪದಕ್ಕೆ ಅರ್ಥವೇ ಬೇರೆ. ಅದು ವಾಚ್ಯಾರ್ಥವನ್ನು ಮೀರಿ ಸೂಚಿತವಾಗುವ ಅರ್ಥ. ‘ತಣ್ಣಗೆ’ ಎಂಬ ಪದದಿಂದ ಪರಕೀಯತೆ ಹೊಳೆಯುವುದು ಧ್ವನಿ. ಅದನ್ನು ಹೇಳುವಾಗ ನಿರೂಪಕ ಗೋಳಾಡದಿರುವುದು ಧಾಟಿ. ಪ್ರಶ್ನೆಯಲ್ಲಿ ಯಾವ ಪದವಿದೆ ಎಂದು ನೋಡಿ ಉತ್ತರಿಸಿ.

ಧಾಟಿಯನ್ನು ಗುರುತಿಸಲು ಒಂದೇ ಪದ ಸಾಲುವುದು ಅಪರೂಪ. ಈ ಕವಿತೆಗೆ ‘ದುಃಖದ ಧಾಟಿ’ ಎಂದರೆ ತಪ್ಪಾಗದು, ಆದರೆ ಮಾರಿದ ಮನೆಯ ಬಗ್ಗೆ ಬರೆದ ಯಾವ ಕವಿತೆಗೂ ಅದು ಹೊಂದುತ್ತದೆ. ಕವಿತೆಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ನೋವು, ಕಣ್ಣೀರು, ನೆನಪು ಎಂಬ ಪದಗಳು ಎಲ್ಲಿಯೂ ಇಲ್ಲ, ಉದ್ಗಾರವೂ ಇಲ್ಲ. ಮೊದಲ ಸಾಲಿನ ನಡುವೆಯೇ ಪೂರ್ಣವಿರಾಮ ಬಿದ್ದು, ಮಾತು ಎರಡೇ ಪದಗಳಿಗೆ ಕಡಿದುಹೋಗುತ್ತದೆ. ಆದ್ದರಿಂದ ‘ನೋವನ್ನು ಹೆಸರಿಸದೆ ತಡೆಹಿಡಿದ ಮಾತು’ ಎನ್ನುವುದು ಹೆಚ್ಚು ನಿಖರ.

ನಂತರ ಧಾಟಿ ಬದಲಾಗುವ ಜಾಗವನ್ನು ಹುಡುಕಿ. ಇಲ್ಲಿ ಆ ತಿರುವು ಎರಡು ನುಡಿಗಳ ನಡುವಿನ ಖಾಲಿ ಜಾಗದಲ್ಲಿದೆ. ಮೊದಲ ನುಡಿಯ ಶುಷ್ಕತೆ ಎರಡನೆಯದರಲ್ಲಿ ಸಡಿಲಗೊಂಡು, ಕೈ, ನೆರಳು, ಹಾಸು ಎಂಬ ಆದರದ ಪದಗಳು ಬರುತ್ತವೆ. ಆದರೆ ಕೊನೆಯ ಎರಡು ಸಾಲುಗಳು ಪೂರ್ತಿ ಸಮಾಧಾನದವಲ್ಲ. ‘ಒಂದು ಗಳಿಗೆ’ ಎಂಬುದರ ಎರಡೂ ಪಕ್ಕದಲ್ಲಿರುವ ಅಲ್ಪವಿರಾಮಗಳು ಓದನ್ನು ತಡೆತಡೆದು ಸಾಗಿಸುತ್ತವೆ. ‘ಬೀದಿಯವನಾಗಿ’ ಎಂಬ ಒಂದೇ ಪದ ಒಂದಿಡೀ ಸಾಲನ್ನು ಆಕ್ರಮಿಸಿದೆ. ಆ ಪದ ‘ಬೀದಿಯವರಿಗೆಲ್ಲ’ ಎಂಬ ಹಿಂದಿನ ಪದವನ್ನು ಏಕವಚನದಲ್ಲಿ ಮರಳಿ ತರುತ್ತದೆ: ನೆರಳಿಗೆ ಹಕ್ಕುಳ್ಳವರಲ್ಲಿ ಅವನೂ ಒಬ್ಬ ಎಂಬ ನೆಮ್ಮದಿ ಒಂದು ಕಡೆ, ಮನೆಯ ಮಗ ಬೀದಿಗೆ ಬಿದ್ದ ಎಂಬ ಇರಿತ ಇನ್ನೊಂದು ಕಡೆ. ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಅಳಿಸಬೇಡಿ. ‘ಕೈ ಚಾಚಿ’ಯಲ್ಲಿ ಒಂದು ಅರ್ಥವನ್ನು ಬಿಡಲು ಕಾರಣವಿತ್ತು, ಇಲ್ಲಿ ಮೊದಲ ನುಡಿ ಒಂದು ಅರ್ಥವನ್ನು ಬೆಂಬಲಿಸಿದರೆ ಎರಡನೆಯ ನುಡಿ ಇನ್ನೊಂದನ್ನು ಬೆಂಬಲಿಸುತ್ತದೆ.

## ಹಂತ 5: ಈಗ ಆಶಯವನ್ನು ಒಂದು ವಾಕ್ಯವಾಗಿ ಬರೆಯಿರಿ

ವಸ್ತು ಬೇರೆ, ಆಶಯ ಬೇರೆ. ವಸ್ತುವನ್ನು ಒಂದೆರಡು ಪದಗಳಲ್ಲಿ ಹೇಳಬಹುದು: ‘ಮಾರಿದ ಮನೆ’. ಆಶಯವು ಆ ವಸ್ತುವಿನ ಬಗ್ಗೆ ಕವಿತೆ ಕಂಡುಕೊಂಡದ್ದು. ಅದಕ್ಕೆ ಕ್ರಿಯಾಪದವಿರುವ ಪೂರ್ಣ ವಾಕ್ಯ ಬೇಕು.

ವಿದ್ಯಾರ್ಥಿಗಳು ಬರೆಯಬಹುದಾದ ಎರಡು ವಾಕ್ಯಗಳನ್ನು ಪರೀಕ್ಷಿಸೋಣ. ‘ಈ ಕವಿತೆಯ ಆಶಯ ಮನೆಯ ಮಹತ್ವ’ ಎಂಬುದು ವಸ್ತುವಿನ ಹೆಸರಷ್ಟೇ. ‘ಹಿರಿಯರ ಆಸ್ತಿಯನ್ನು ಮಾರಬಾರದು ಎಂದು ಕವಿತೆ ಸಾರುತ್ತದೆ’ ಎಂಬುದು ಪೂರ್ಣ ವಾಕ್ಯವೇ ಆದರೂ, ಮಾರಾಟವನ್ನು ಖಂಡಿಸುವ ಒಂದು ಪದವೂ ಕವಿತೆಯಲ್ಲಿಲ್ಲ. ‘ಮಾರಿಯಾಯಿತು’ ಎಂಬ ಕರ್ತೃವಿಲ್ಲದ ರೂಪವೇ ಯಾರನ್ನೂ ದೂಷಿಸಲು ಒಪ್ಪುವುದಿಲ್ಲ. ಕವಿತೆಯನ್ನು ನೀತಿವಾಕ್ಯಕ್ಕೆ ಇಳಿಸುವುದು ಆಶಯದ ಹಂತದಲ್ಲಿ ಕಾಣುವ ಅತಿ ದೊಡ್ಡ ದೋಷ. ‘ಬೇಕು’, ‘ಬಾರದು’ ಎಂದು ಮುಗಿಯುವ ಆಶಯವಾಕ್ಯ ನಿಮ್ಮ ಲೇಖನಿಯಿಂದ ಬಂದರೆ ಒಮ್ಮೆ ನಿಂತು ಕವಿತೆಗೆ ಹಿಂತಿರುಗಿ.

ಮೂರನೆಯ ಪ್ರಯತ್ನ ಹೀಗಿರಬಹುದು: ‘ಒಡೆತನ ಹೋದ ಮೇಲೆ ಮನೆಯ ಒಳಗು ಮುಚ್ಚಿಹೋದರೂ, ಒಡೆತನವನ್ನು ಕೇಳದ ಒಂದು ನಂಟು ಹೊರಗೆ ಉಳಿದಿರುತ್ತದೆ, ಆದರೆ ಅದನ್ನು ಪಡೆಯುವಾಗ ಮಗನೂ ದಾರಿಹೋಕರಲ್ಲಿ ಒಬ್ಬನಾಗಿ ನಿಲ್ಲಬೇಕಾಗುತ್ತದೆ.’ ಈ ವಾಕ್ಯವೂ ‘ಬೇಕಾಗುತ್ತದೆ’ ಎಂದೇ ಮುಗಿಯುತ್ತದೆ, ಆದರೆ ಅದು ಓದುಗರಿಗೆ ಹಾಕಿದ ವಿಧಿಯಲ್ಲ, ನಿರೂಪಕ ಸಿಲುಕಿದ ಸ್ಥಿತಿ. ಈಗ ಪ್ರತಿ ತುಂಡಿಗೂ ಸಾಲು ಹುಡುಕಿ. ಮೊದಲ ತುಂಡಿಗೆ ಬಾಗಿಲು, ಎರಡನೆಯದಕ್ಕೆ ಮರ, ಮೂರನೆಯದಕ್ಕೆ ಕೊನೆಯ ಎರಡು ಸಾಲು. ಸಾಲು ಸಿಗದ ತುಂಡನ್ನು, ಅದೆಷ್ಟು ಚೆನ್ನಾಗಿದ್ದರೂ, ಹೊಡೆದುಹಾಕಿ. ಇಷ್ಟಾದ ಮೇಲೆ ಪಠ್ಯದ ಭಾವಾರ್ಥವನ್ನು ತೆರೆದು ನಿಮ್ಮ ವಾಕ್ಯದೊಂದಿಗೆ ಹೋಲಿಸಬಹುದು.

## ಹಂತ 6: ಉತ್ತರವನ್ನು ಕಟ್ಟುವುದು

ಓದಿದ ಕ್ರಮದಲ್ಲಿಯೇ ಬರೆಯಬಾರದು. ಕಂಡುಕೊಳ್ಳುವಾಗ ಆಶಯ ಕೊನೆಯಲ್ಲಿ ಬಂತು. ಬರೆಯುವಾಗ ಅದು ಮೊದಲ ಕಂಡಿಕೆಗೆ ಬರಬೇಕು, ಏಕೆಂದರೆ ಓದುಗರಿಗೆ ನೀವು ಯಾವುದನ್ನು ಸಾಧಿಸಿ ತೋರಿಸಲಿದ್ದೀರಿ ಎಂಬುದು ತಿಳಿದಿರಬೇಕು. ಪರೀಕ್ಷೆಯಲ್ಲಿ 40 ನಿಮಿಷ ಇದ್ದರೆ 15 ನಿಮಿಷವನ್ನು ಮೊದಲ ಐದು ಹಂತಗಳಿಗೂ 20 ನಿಮಿಷವನ್ನು ಬರವಣಿಗೆಗೂ ಇಡಿ; ಉಳಿದದ್ದು ತಿದ್ದಲು. ಓದುವ ಸಮಯವನ್ನು ಕಡಿತಗೊಳಿಸಿದವರೇ ಸಾರಾಂಶಕ್ಕೆ ಜಾರುತ್ತಾರೆ.

ಮುಂದಿನ ಕಂಡಿಕೆಗಳನ್ನು ನುಡಿಗೊಂದರಂತೆ ಹಂಚದೆ ವಿಚಾರಕ್ಕೊಂದರಂತೆ ಹಂಚಿ: ಬಾಗಿಲು ಮತ್ತು ಮರದ ಎದುರಿಗೆ ಒಂದು, ಧಾಟಿಯ ತಿರುವಿಗೆ ಒಂದು, ಕೊನೆಯ ಸಾಲಿನ ಎರಡು ಮುಖಗಳಿಗೆ ಒಂದು. ಪ್ರತಿ ಕಂಡಿಕೆಯಲ್ಲೂ ಒಂದು ಹೇಳಿಕೆ, ಅದಕ್ಕೆ ಆಧಾರವಾದ ಎರಡು ಮೂರು ಪದಗಳ ಉಲ್ಲೇಖ, ಆ ಪದಗಳು ಆ ಹೇಳಿಕೆಯನ್ನು ಹೇಗೆ ಸಮರ್ಥಿಸುತ್ತವೆ ಎಂಬ ವಿವರ ಇರಬೇಕು. ಮೂರನೆಯದೇ ಅತಿ ಉದ್ದವಾಗಿರಬೇಕು. ನಾಲ್ಕು ಸಾಲು ಉದ್ಧರಿಸಿ ಒಂದು ಸಾಲು ವಿವರಿಸಿದ ಕಂಡಿಕೆ ತಲೆಕೆಳಗಾದ ಕಂಡಿಕೆ.

ದುರ್ಬಲವಾದ ಬರವಣಿಗೆ ಹೀಗಿರುತ್ತದೆ:

> ಕವಿಯು ಬಾಗಿಲಿನ ಬಗ್ಗೆ ಹೇಳುತ್ತಾ ಅದು ಬೇರೆಯವರ ಮಾತು ಕೇಳುತ್ತದೆ ಎನ್ನುತ್ತಾರೆ. ನಂತರ ಅಪ್ಪ ನೆಟ್ಟ ಮರದ ಬಗ್ಗೆ ಹೇಳುತ್ತಾರೆ. ಮರವು ಎಲ್ಲರಿಗೂ ನೆರಳು ಕೊಡುತ್ತದೆ. ಇಲ್ಲಿ ಪ್ರತಿಮೆಗಳು ಅದ್ಭುತವಾಗಿ ಮೂಡಿಬಂದಿವೆ.

ಅದೇ ವಿಚಾರವನ್ನು ತಿದ್ದಿ ಬರೆದರೆ:

> ಕವಿತೆಯು ಮನೆಯ ಎರಡು ಭಾಗಗಳನ್ನು ಒಡೆತನದ ಪ್ರಶ್ನೆಯ ಮೂಲಕ ಬೇರ್ಪಡಿಸುತ್ತದೆ. ‘ಬೇರೆಯವರ ಮಾತು ಕೇಳುತ್ತದೆ’ ಎಂಬಲ್ಲಿ ಬಾಗಿಲು ಹೊಸ ಒಡೆಯರ ದನಿಯನ್ನು ಆಲಿಸುವುದರ ಜೊತೆಗೆ ಅವರಿಗೆ ವಿಧೇಯವಾಗಿಯೂ ಇದೆ. ಮರವಾದರೋ ‘ಯಾರು ಎಂದು ಕೇಳದೆ’ ನೆರಳು ಹಾಸುತ್ತದೆ. ಬಾಗಿಲಲ್ಲಿ ಕೇಳಿಬರಬೇಕಾದ ಪ್ರಶ್ನೆಯನ್ನು ಮರದ ಬಳಿ ತಂದು ನಿರಾಕರಿಸಿರುವುದರಿಂದ, ನಿರೂಪಕನಿಗೆ ಒಳಗೆ ಇಲ್ಲವಾದ ಸ್ವಾಗತ ಹೊರಗೆ ಸಿಗುವಂತಾಗಿದೆ.

ಎರಡನೆಯ ಕಂಡಿಕೆಯಲ್ಲಿ ಮೆಚ್ಚುಗೆಯ ಪದ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಕ್ರಿಯಾಪದಗಳು ವರ್ತಮಾನದಲ್ಲಿವೆ, ಮಾತಿನ ಹೊಣೆ ಕವಿಯ ಬದಲು ಕವಿತೆಯ ಮೇಲಿದೆ.

## ಒಪ್ಪಿಸುವ ಮುನ್ನ ನೋಡಬೇಕಾದ ಅಪಾಯಸೂಚನೆಗಳು

ಬರೆದದ್ದನ್ನು ಓದುತ್ತಾ ‘ನಂತರ’, ‘ಮುಂದೆ’, ‘ಆಮೇಲೆ’ ಎಂಬ ಪದಗಳನ್ನು ಸುತ್ತಿ ಗುರುತು ಮಾಡಿ. ಅವು ಕಂಡಿಕೆಗೆ ಎರಡಕ್ಕಿಂತ ಹೆಚ್ಚಿದ್ದರೆ ನೀವು ಬಹುಶಃ ಸಾರಾಂಶ ಬರೆಯುತ್ತಿದ್ದೀರಿ. ‘ಏಕೆಂದರೆ’, ‘ಆದ್ದರಿಂದ’, ‘ಇದರಿಂದ’ ಎಂಬ ಪದಗಳು ಅವುಗಳ ಜಾಗಕ್ಕೆ ಬರುವಂತೆ ವಾಕ್ಯಗಳನ್ನು ಮತ್ತೆ ಕಟ್ಟಿ.

ಆಮೇಲೆ ಕವಿತೆಯ ಹೆಸರನ್ನು ಬೆರಳಿನಿಂದ ಮುಚ್ಚಿ, ನಿಮ್ಮ ಯಾವುದಾದರೂ ವಾಕ್ಯ ಬೇರೊಂದು ಕವಿತೆಗೂ ಹೊಂದುತ್ತದೆಯೇ ಎಂದು ನೋಡಿ. ‘ಕವಿಯ ಭಾಷೆ ಸರಳವೂ ಗಂಭೀರವೂ ಆಗಿದೆ’ ಎಂಬಂಥ ವಾಕ್ಯ ನೂರು ಕವಿತೆಗಳಿಗೆ ಹೊಂದುತ್ತದೆ; ಅದನ್ನು ತೆಗೆದುಹಾಕಿದರೆ ಉತ್ತರಕ್ಕೆ ಯಾವ ನಷ್ಟವೂ ಆಗದು.

ಕೊನೆಯದಾಗಿ, ಉಲ್ಲೇಖಿಸಿದ ಪ್ರತಿ ಪದವನ್ನೂ ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ‘ನಾನೂ ನಿಂತೆ’ ಎಂಬುದನ್ನು ‘ನಾನು ನಿಂತೆ’ ಎಂದು ಬರೆದರೆ ಒಂದು ದೀರ್ಘಸ್ವರ ಮಾತ್ರ ತಪ್ಪಿದಂತೆ ಕಾಣುತ್ತದೆ. ಆದರೆ ನಿರೂಪಕನನ್ನು ಬೀದಿಯ ಇತರರೊಂದಿಗೆ ಸೇರಿಸಿದ್ದು ಆ ದೀರ್ಘವೇ. ಅದು ಹೋದರೆ ನಿಮ್ಮ ಆಶಯವಾಕ್ಯದ ಮೂರನೆಯ ತುಂಡಿಗೆ ಇದ್ದ ಆಧಾರವೂ ಹೋಗುತ್ತದೆ.